ಗಡಿಯಾಚೆ ಕೂತ ಗುಂಪಿನ ವಿರುದ್ಧ ಆತ್ಮರಕ್ಷಣೆ: ಯಾವ ವಾದ ಹಿಡಿಯುವುದು?

ಕಾನೂನು ವಿದ್ಯಾರ್ಥಿಗಳ ಅಣಕು ನ್ಯಾಯಾಲಯದ ಸ್ಪರ್ಧೆ, ಅಂದರೆ ಮೂಟ್ ಕೋರ್ಟ್ ಸೀಸನ್ ಬಂತೆಂದರೆ ಒಂದೇ ಪ್ರಶ್ನೆ ಹತ್ತು ವೇಷ ಹಾಕಿಕೊಂಡು ನನ್ನ ಬಳಿ ಬರುತ್ತದೆ. ಒಂದು ದೇಶದ ನೆಲದಲ್ಲಿ ಸರ್ಕಾರಕ್ಕೆ ಸೇರದ ಸಶಸ್ತ್ರ ಗುಂಪೊಂದು ಕೂತಿದೆ. ಅದು ಪಕ್ಕದ ದೇಶದ ಮೇಲೆ ದಾಳಿ ಮಾಡುತ್ತದೆ. ಏಟು ತಿಂದ ದೇಶ ವಿಮಾನ ಕಳಿಸುತ್ತದೆ. ಗುರಿ ಆ ಗುಂಪೇ, ಆದರೆ ಬಾಂಬ್ ಬೀಳುವುದು ಇನ್ನೊಬ್ಬರ ನೆಲದ ಮೇಲೆ. ಇದು ಆತ್ಮರಕ್ಷಣೆಯೋ, ಅತಿಕ್ರಮಣವೋ?

ಉತ್ತರ ಹುಡುಕಲು ಹೊರಟವರಿಗೆ ಐದಾರು ವಾದಗಳು ಸಿಗುತ್ತವೆ. ಅದರಲ್ಲಿ ಜಾಸ್ತಿ ಸದ್ದು ಮಾಡುವುದು ‘ಅನ್‌ವಿಲ್ಲಿಂಗ್ ಆರ್ ಅನೇಬಲ್’ ಎಂಬ ವಾದ. ಆ ನೆಲದ ಸರ್ಕಾರಕ್ಕೆ ಗುಂಪನ್ನು ತಡೆಯಲು ಮನಸ್ಸಿಲ್ಲದಿದ್ದರೆ ಅಥವಾ ಕೈಲಾಗದಿದ್ದರೆ, ಏಟು ತಿಂದವರು ತಾವೇ ಬಂದು ಹೊಡೆಯಬಹುದು ಎನ್ನುತ್ತದೆ ಅದು. ನಾನು ಇದನ್ನು ‘ಒಲ್ಲದು ಅಥವಾ ಆಗದು’ ಎಂದು ಕರೆಯುತ್ತೇನೆ. ಹೆಚ್ಚಿನವರು ನೇರವಾಗಿ ಇದಕ್ಕೇ ಕೈ ಹಾಕುತ್ತಾರೆ. ನನ್ನ ಪ್ರಕಾರ ಅದು ಆತುರ. ಇದು ಒಂದೇ ಉಸಿರಿನಲ್ಲಿ ಹೇಳುವ ಎರಡು ಬೇರೆ ಮಾತು. ಎರಡನ್ನೂ ಬಿಡಿಸಿ ನೋಡಿದರೆ ಯಾವುದನ್ನು ಹಿಡಿಯಬೇಕು ಎಂಬುದು ಅರ್ಧ ತೀರ್ಮಾನವಾದ ಹಾಗೆ.

ಮೊದಲು ಅಳತೆಗೋಲು

ಯಾವ ವಾದವನ್ನೇ ಎತ್ತಿಕೊಳ್ಳಿ, ನಾಲ್ಕು ಪ್ರಶ್ನೆ ಕೇಳಿ.

ಒಂದು, ಬರಹದಲ್ಲಿ ಮತ್ತು ತೀರ್ಪುಗಳಲ್ಲಿ ಅದಕ್ಕೆ ಎಷ್ಟು ಆಧಾರ ಇದೆ? ಇಲ್ಲಿ ಬರಹ ಎಂದರೆ ವಿಶ್ವಸಂಸ್ಥೆಯ ಸನ್ನದು. ಅದರ 2ನೇ ವಿಧಿಯ 4ನೇ ಉಪವಿಧಿ ಬಲ ಬಳಸಬೇಡಿ ಎನ್ನುತ್ತದೆ. 51ನೇ ವಿಧಿ, ಸದಸ್ಯ ದೇಶದ ಮೇಲೆ ‘ಸಶಸ್ತ್ರ ದಾಳಿ’ ನಡೆದರೆ ಆತ್ಮರಕ್ಷಣೆಯ ಹಕ್ಕು ಇದೆ ಎನ್ನುತ್ತದೆ. ದಾಳಿ ಯಾರು ಮಾಡಿರಬೇಕು ಎಂದು ಆ ವಾಕ್ಯ ಹೇಳುವುದಿಲ್ಲ. ಇಡೀ ಜಗಳ ಹುಟ್ಟಿದ್ದೇ ಆ ಮೌನದಿಂದ.

ಎರಡು, ಉಳಿದ ದೇಶಗಳು ಈ ವಾದವನ್ನು ಒಪ್ಪಿವೆಯಾ? ಅಂತರರಾಷ್ಟ್ರೀಯ ಕಾನೂನಿನಲ್ಲಿ ದೇಶಗಳ ನಡತೆಯೇ ನಿಯಮವಾಗುತ್ತದೆ. ಆದರೆ ಸುಮ್ನೆ ಮಾಡಿದರೆ ಸಾಲದು, ಇದು ಕಾನೂನು ಎಂದು ನಂಬಿ ಮಾಡಿರಬೇಕು.

ಮೂರು, ಎಷ್ಟು ಸಾಕ್ಷ್ಯ ಬೇಕು? ಈ ವಿಷಯದಲ್ಲಿ ನಿಮ್ಮ ಜೇಬಿನಲ್ಲಿರುವ ದುಡ್ಡು ಎಂದರೆ ಸಾಕ್ಷ್ಯ. ಜೇಬು ನೋಡಿಕೊಳ್ಳದೆ ವಾದ ಆರಿಸಬಾರದು.

ನಾಲ್ಕು, ತಿರುಗಿಸಿ ನೋಡಿದರೆ ಏನಾಗುತ್ತದೆ? ಇದೇ ವಾದವನ್ನು ನಾಳೆ ನಿಮ್ಮ ಎದುರಾಳಿ ನಿಮ್ಮ ಮೇಲೆ ಬಳಸಿದರೆ ಒಪ್ಪುತ್ತೀರಾ?

ಒಪ್ಪಿಗೆ ಇದೆಯಾ, ಅದನ್ನು ಮೊದಲು ನೋಡಿ

ಇದು ಆತ್ಮರಕ್ಷಣೆಯ ವಾದವೇ ಅಲ್ಲ. ಆದರೂ ಮೊದಲು ನೋಡಬೇಕಾದದ್ದು ಇದೇ. ನೆಲದ ಒಡೆಯ ಸರ್ಕಾರ ‘ಬನ್ನಿ’ ಎಂದಿದ್ದರೆ 51ನೇ ವಿಧಿಯ ತಲೆನೋವೇ ಇಲ್ಲ. 2014ರಲ್ಲಿ ಐಸಿಸ್ ಮೋಸುಲ್ ಹಿಡಿದ ಮೇಲೆ ಅಮೆರಿಕ ಇರಾಕಿನೊಳಗೆ ಹೊಡೆದದ್ದು ಇರಾಕಿನ ಒಪ್ಪಿಗೆಯ ಮೇಲೆ. 2015ರ ಸೆಪ್ಟೆಂಬರ್ 30ರಿಂದ ರಷ್ಯಾ ಸಿರಿಯಾದಲ್ಲಿ ಹೊಡೆದದ್ದು ಸಿರಿಯಾ ಸರ್ಕಾರ ಕರೆದದ್ದಕ್ಕೆ.

ಒಪ್ಪಿಗೆಗೂ ಮಿತಿ ಇದೆ. ಯಾವ ಗುಂಪಿನ ವಿರುದ್ಧ, ಯಾವ ಜಾಗದಲ್ಲಿ, ಎಷ್ಟು ಕಾಲ ಎಂಬುದನ್ನು ಒಪ್ಪಿಗೆ ಕೊಟ್ಟವರೇ ಹೇಳುತ್ತಾರೆ. ಬೇಡ ಎಂದ ದಿನ ಅದು ಮುಗಿಯಿತು. ಅಗ್ಗದ, ಗಟ್ಟಿಯಾದ ಆಯ್ಕೆ ಇದು. ಸಿಗದೇ ಹೋದಾಗ ಮಾತ್ರ ಮುಂದಿನವು.

ಹೊಣೆ ಹೊರಿಸುವ ವಾದ: ಕಟ್ಟುನಿಟ್ಟಿನ ದಾರಿ

ಗುಂಪು ಮಾಡಿದ ದಾಳಿ ಆ ದೇಶವೇ ಮಾಡಿದ ದಾಳಿ ಎಂದು ತೋರಿಸಿ, ಆಮೇಲೆ ಆತ್ಮರಕ್ಷಣೆ ಮಾತಾಡಿ ಎನ್ನುವುದು ಇದರ ಸಾರ. ಹೇಗ್‌ನ ಅಂತರರಾಷ್ಟ್ರೀಯ ನ್ಯಾಯಾಲಯ ಹೆಚ್ಚುಕಡಿಮೆ ಇಲ್ಲೇ ನಿಂತಿದೆ.

1986ರ ನಿಕರಾಗುವಾ ತೀರ್ಪು ಇದರ ಬೇರು. ಎಲ್ ಸಾಲ್ವಡಾರ್‌ನ ಬಂಡುಕೋರರಿಗೆ ನಿಕರಾಗುವಾ ಶಸ್ತ್ರ ಕೊಡುತ್ತಿದೆ, ಹಾಗಾಗಿ ಎಲ್ ಸಾಲ್ವಡಾರ್ ಪರವಾಗಿ ನಾವು ಆತ್ಮರಕ್ಷಣೆ ಮಾಡುತ್ತಿದ್ದೇವೆ ಎಂದಿತ್ತು ಅಮೆರಿಕ. ನ್ಯಾಯಾಲಯ ಒಪ್ಪಲಿಲ್ಲ. ಒಂದು ದೇಶ ತಾನೇ ಸಶಸ್ತ್ರ ತಂಡಗಳನ್ನು ಗಡಿ ದಾಟಿಸಿ ಕಳಿಸಿದರೆ, ಅವು ನಡೆಸಿದ ಹಿಂಸೆ ಸೈನ್ಯದ ದಾಳಿಯಷ್ಟೇ ದೊಡ್ಡದಾಗಿದ್ದರೆ, ಅದು ಸಶಸ್ತ್ರ ದಾಳಿ. ಬರೀ ಶಸ್ತ್ರ, ಸಾಮಗ್ರಿ ಕೊಟ್ಟರೆ ಅದು ಬೇರೆ ತಪ್ಪು ಇರಬಹುದು, ಸಶಸ್ತ್ರ ದಾಳಿ ಅಲ್ಲ ಎಂದಿತು.

2004ರಲ್ಲಿ ಇಸ್ರೇಲ್ ಕಟ್ಟಿದ ಗೋಡೆಯ ಬಗ್ಗೆ ಕೊಟ್ಟ ಸಲಹಾ ಅಭಿಪ್ರಾಯದಲ್ಲಿ ನ್ಯಾಯಾಲಯ 51ನೇ ವಿಧಿಯನ್ನು ಒಂದು ದೇಶ ಇನ್ನೊಂದು ದೇಶದ ಮೇಲೆ ಮಾಡುವ ದಾಳಿಯ ಮಾತಾಗಿ ಓದಿತು. ಅದೇ ಪೀಠದ ನ್ಯಾಯಮೂರ್ತಿ ರೊಸಾಲಿನ್ ಹಿಗಿನ್ಸ್, ವಿಧಿಯ ಬರಹದಲ್ಲಿ ಅಂಥ ಮಾತು ಎಲ್ಲಿದೆ ಎಂದು ಆಕ್ಷೇಪ ಎತ್ತಿದರು. ಎದುರು ಪಕ್ಷದವರು ಖಂಡಿತ ಅವರನ್ನೇ ಉದ್ಧರಿಸುತ್ತಾರೆ, ತಯಾರಾಗಿರಿ. ಆದರೆ ಈ ಅಭಿಪ್ರಾಯದ ಮೇಲೆ ಪೂರ್ತಿ ಭಾರ ಹಾಕಬೇಡಿ. ಅಲ್ಲಿ ಬೆದರಿಕೆ ಬಂದದ್ದು ಇಸ್ರೇಲ್ ತಾನೇ ಹಿಡಿತದಲ್ಲಿಟ್ಟುಕೊಂಡ ನೆಲದ ಒಳಗಿಂದ ಎಂದೂ ನ್ಯಾಯಾಲಯ ಹೇಳಿತ್ತು. ಅಂದರೆ ಗಡಿಯಾಚೆಯ ಗುಂಪಿನ ಪ್ರಶ್ನೆ ಅಲ್ಲಿ ಸರಿಯಾಗಿ ಎದುರಾಗಲೇ ಇಲ್ಲ.

2005ರ ಕಾಂಗೋ ವಿರುದ್ಧ ಉಗಾಂಡಾ ತೀರ್ಪು ಇನ್ನೂ ಸ್ವಾರಸ್ಯದ್ದು. ಕಾಂಗೋ ನೆಲದಿಂದ ಬಂದ ಬಂಡುಕೋರರು ಉಗಾಂಡಾದ ಮೇಲೆ ದಾಳಿ ಮಾಡಿದ್ದು ನಿಜ. ಅದರ ಹಿಂದೆ ಕಾಂಗೋ ಸರ್ಕಾರ ಇತ್ತು ಎಂಬುದಕ್ಕೆ ಸಾಕ್ಷ್ಯ ಸಾಲದು ಎಂದು ನ್ಯಾಯಾಲಯ ಉಗಾಂಡಾದ ಆತ್ಮರಕ್ಷಣೆಯ ವಾದವನ್ನು ತಳ್ಳಿಹಾಕಿತು. ಆಮೇಲೆ, ಅನಿಯಮಿತ ಪಡೆಗಳ ದೊಡ್ಡ ದಾಳಿಗಳ ವಿರುದ್ಧ ಇಂದಿನ ಕಾನೂನು ಆತ್ಮರಕ್ಷಣೆಗೆ ಅವಕಾಶ ಕೊಡುತ್ತದೆಯೇ ಎಂಬುದಕ್ಕೆ ಇಲ್ಲಿ ಉತ್ತರಿಸುವ ಅಗತ್ಯ ಇಲ್ಲ ಎಂದು ಬಾಗಿಲನ್ನು ಅರ್ಧ ತೆರೆದೇ ಬಿಟ್ಟಿತು. ಇದೇ ತೀರ್ಪಿನ ಇನ್ನೊಂದು ಮಾತನ್ನು ಬಹಳ ಜನ ಓದದೆ ಬಿಡುತ್ತಾರೆ. ಗಡಿ ಪ್ರದೇಶದ ಬಂಡುಕೋರರ ವಿರುದ್ಧ ಆಗ ಜಯೀರ್ ಎನ್ನಿಸಿಕೊಂಡಿದ್ದ ಕಾಂಗೋದ ಸರ್ಕಾರ ಏನೂ ಮಾಡಲಿಲ್ಲ ಎಂದ ಮಾತ್ರಕ್ಕೆ ಅದು ಅವರನ್ನು ಸಹಿಸಿಕೊಂಡಿತ್ತು ಎನ್ನಲಾಗದು ಎಂದಿತ್ತು ನ್ಯಾಯಾಲಯ. ಅಂದರೆ ‘ಆಗದು’ ಎಂಬುದನ್ನು ‘ಒಲ್ಲದು’ ಎಂದು ಓದಬೇಡಿ ಎಂಬ ಎಚ್ಚರಿಕೆ.

ಅಳತೆಗೋಲಿಗೆ ಹಿಡಿದರೆ: ತೀರ್ಪುಗಳ ಬಲ ಇದಕ್ಕೆ ಎಲ್ಲಕ್ಕಿಂತ ಹೆಚ್ಚು. ತಿರುಗಿಸಿ ನೋಡಿದರೂ ಭಯವಿಲ್ಲ. ಆದರೆ ಸಾಕ್ಷ್ಯದ ಬೆಲೆ ವಿಪರೀತ. ಆದೇಶ ಯಾರು ಕೊಟ್ಟರು, ಕಳಿಸಿದ್ದು ಯಾರು ಎಂಬುದರ ಕಾಗದ ಯಾರ ಕೈಗೂ ಸುಲಭವಾಗಿ ಸಿಗುವುದಿಲ್ಲ. ಇನ್ನೊಂದು ದೊಡ್ಡ ತೊಂದರೆ, ಸರ್ಕಾರವೇ ಕುಸಿದು ಹೋದ ನೆಲದಲ್ಲಿ ಹೊಣೆ ಹೊರಿಸಲು ಯಾರೂ ಇರುವುದಿಲ್ಲ. ಆಗ ಏಟು ತಿಂದ ದೇಶಕ್ಕೆ ಈ ದಾರಿ ಬರಿಗೈಯಲ್ಲಿ ಕೂರು ಎಂದು ಹೇಳಿದ ಹಾಗೆ.

ಕೈಜೋಡಿಸಿದ್ದಾರೆ ಎನ್ನುವ ವಾದ: ನಡುವಿನ ದಾರಿ

1974ರಲ್ಲಿ ವಿಶ್ವಸಂಸ್ಥೆಯ ಸಾಮಾನ್ಯ ಸಭೆ ಆಕ್ರಮಣ ಎಂದರೇನು ಎಂದು 3314ನೇ ನಿರ್ಣಯದಲ್ಲಿ ವಿವರಿಸಿತು. ಸಶಸ್ತ್ರ ತಂಡಗಳನ್ನು ಕಳಿಸುವುದು ಮಾತ್ರವಲ್ಲ, ಅದರಲ್ಲಿ ‘ಗಣನೀಯವಾಗಿ ಪಾಲ್ಗೊಳ್ಳುವುದು’ ಕೂಡ ಆಕ್ರಮಣ ಎಂದಿತು. ಈ ಎರಡನೇ ತುಂಡನ್ನು ಹಿಗ್ಗಿಸಿ ಓದಿದರೆ ನಡುವಿನ ದಾರಿ ಸಿಗುತ್ತದೆ. ಗುಂಪಿನ ಮೇಲೆ ಹಿಡಿತ ಇದೆ ಎಂದು ತೋರಿಸಬೇಕಿಲ್ಲ. ಗೊತ್ತಿದ್ದೂ ನೆಲೆ ಕೊಟ್ಟಿದ್ದಾರೆ, ಬಿಟ್ಟುಕೊಡಿ ಎಂದರೂ ಬಿಟ್ಟುಕೊಟ್ಟಿಲ್ಲ ಎಂದು ತೋರಿಸಬೇಕು.

ಇದಕ್ಕೆ ಒಳ್ಳೆಯ ಉದಾಹರಣೆ 2001ರ ಅಫ್ಘಾನಿಸ್ತಾನ. ಸೆಪ್ಟೆಂಬರ್ 11ರ ದಾಳಿಯ ಮರುದಿನವೇ ಭದ್ರತಾ ಮಂಡಳಿ 1368ನೇ ನಿರ್ಣಯದಲ್ಲಿ ಆತ್ಮರಕ್ಷಣೆಯ ಹಕ್ಕನ್ನು ನೆನಪಿಸಿತು. ಅಕ್ಟೋಬರ್ 7ರಂದು ಅಮೆರಿಕ ಮಂಡಳಿಗೆ ಬರೆದ ಪತ್ರ ಬರೀ ಅಲ್ ಖೈದಾ ಹೆಸರು ಹೇಳಿ ನಿಲ್ಲಲಿಲ್ಲ. ತಾಲಿಬಾನ್ ತನ್ನ ಹಿಡಿತದ ನೆಲವನ್ನು ನೆಲೆಯಾಗಿ ಬಳಸಲು ಬಿಟ್ಟ ನಿರ್ಧಾರವೇ ಈ ದಾಳಿಗೆ ದಾರಿ ಮಾಡಿತು ಎಂದಿತು. ಬಿನ್ ಲಾಡೆನ್‌ನನ್ನು ಒಪ್ಪಿಸಿ ಎಂದು 1999ರಲ್ಲೇ ಭದ್ರತಾ ಮಂಡಳಿ 1267ನೇ ನಿರ್ಣಯದಲ್ಲಿ ಕೇಳಿತ್ತು. ಕೇಳಿದ ದಾಖಲೆ ಇತ್ತು, ನಿರಾಕರಿಸಿದ ದಾಖಲೆಯೂ ಇತ್ತು. ಆಗ ತಕರಾರು ತೆಗೆದ ದೇಶಗಳು ಬಹಳ ಕಡಿಮೆ.

ನಿಮ್ಮ ಪ್ರಕರಣದಲ್ಲಿ ‘ಒಲ್ಲದ’ ಸರ್ಕಾರ ಇದ್ದರೆ ನಾನು ಇಲ್ಲಿಗೇ ಕಳಿಸುತ್ತೇನೆ. ನಿಜವಾಗಿ ಒಲ್ಲದ ಸರ್ಕಾರ ಏನಾದರೂ ಮಾಡಿರುತ್ತದೆ: ಜಾಗ ಕೊಟ್ಟಿರುತ್ತದೆ, ಕಣ್ಣು ಮುಚ್ಚಿಕೊಂಡಿರುತ್ತದೆ, ಬಂಧಿಸಿದವರನ್ನು ಬಿಟ್ಟಿರುತ್ತದೆ. ಅದನ್ನೆಲ್ಲ ಜೋಡಿಸಿದರೆ ಕೈಜೋಡಿಸಿದ ವಾದವೇ ಎದ್ದು ನಿಲ್ಲುತ್ತದೆ. 2021ರ ಫೆಬ್ರವರಿ 24ರಂದು ಮೆಕ್ಸಿಕೊ ಇದೇ 51ನೇ ವಿಧಿಯ ಬಗ್ಗೆ ಭದ್ರತಾ ಮಂಡಳಿಯ ಸದಸ್ಯರ ಅನೌಪಚಾರಿಕ ಸಭೆ ಕರೆದಿತ್ತು. ಅಲ್ಲಿ ಭಾರತ ಮೂರು ಷರತ್ತು ಮುಂದಿಟ್ಟಿತು. ಗುಂಪು ಮತ್ತೆ ಮತ್ತೆ ದಾಳಿ ಮಾಡಿರಬೇಕು, ಆ ದೇಶಕ್ಕೆ ತಡೆಯುವ ಮನಸ್ಸಿರಬಾರದು, ದಾಳಿಗೆ ಅದು ಸಕ್ರಿಯವಾಗಿ ಬೆಂಬಲ ಕೊಡುತ್ತಿರಬೇಕು. ಗಮನಿಸಿ, ‘ಆಗದು’ ಎಂಬ ಮಾತು ಈ ಪಟ್ಟಿಯಲ್ಲಿಲ್ಲ, ‘ಒಲ್ಲದು’ ಒಂಟಿಯಾಗಿ ಸಾಲುವುದೂ ಇಲ್ಲ. ಮುಂದೆ ನೋಡಲಿರುವ ಅಮೆರಿಕದ ನಿಲುವಿಗೂ ಇದಕ್ಕೂ ಬಹಳ ಅಂತರ ಇದೆ. ಎರಡನ್ನೂ ಒಂದೇ ಸಾಲಿನಲ್ಲಿ ಸೇರಿಸಿ ‘ಬೆಂಬಲಿಸುವ ದೇಶಗಳು’ ಎಂದು ಬರೆಯುವ ಮೆಮೋರಿಯಲ್‌ಗಳನ್ನು, ಅಂದರೆ ತಂಡಗಳ ಲಿಖಿತ ವಾದಗಳನ್ನು, ಬೇಕಾದಷ್ಟು ನೋಡಿದ್ದೇನೆ.

ಒಲ್ಲದು ಅಥವಾ ಆಗದು: ಸಿರಿಯಾದ ಪತ್ರಗಳನ್ನು ಓದೋಣ

ಈಗ ಎಲ್ಲರೂ ಕಾಯುತ್ತಿರುವ ವಾದ. ಇದನ್ನು ಅರ್ಥ ಮಾಡಿಕೊಳ್ಳಲು ಭದ್ರತಾ ಮಂಡಳಿಗೆ ಬಂದ ಪತ್ರಗಳನ್ನು ಪಕ್ಕಪಕ್ಕ ಇಟ್ಟು ಓದುವುದಕ್ಕಿಂತ ಒಳ್ಳೆಯ ದಾರಿ ನನಗೆ ಗೊತ್ತಿಲ್ಲ. ಆತ್ಮರಕ್ಷಣೆ ಮಾಡಿದವರು ಮಂಡಳಿಗೆ ಕೂಡಲೇ ತಿಳಿಸಬೇಕು ಎಂದು 51ನೇ ವಿಧಿಯೇ ಹೇಳುತ್ತದೆ. ಹಾಗಾಗಿ ಪ್ರತಿ ದೇಶ ಯಾವ ಪದ ಆರಿಸಿತು ಎಂಬುದು ನಮ್ಮ ಕೈಗೆ ಸಿಗುತ್ತದೆ.

2014ರ ಸೆಪ್ಟೆಂಬರ್ 20ರಂದು ಇರಾಕ್ ಪತ್ರ ಬರೆಯಿತು. ಐಸಿಸ್‌ಗೆ ನಮ್ಮ ಗಡಿಯಾಚೆ ಸಿರಿಯಾದಲ್ಲಿ ಸುರಕ್ಷಿತ ನೆಲೆ ಇದೆ, ಸಹಾಯ ಮಾಡಿ ಎಂದು ಕೇಳಿತು. ಸೆಪ್ಟೆಂಬರ್ 23ರಂದು, ಸಿರಿಯಾದೊಳಗೆ ಮೊದಲ ಬಾಂಬ್ ಬಿದ್ದ ಬೆನ್ನಿಗೇ, ಅಮೆರಿಕದ ಪತ್ರ ಬಂತು. ಬೆದರಿಕೆ ಇರುವ ದೇಶದ ಸರ್ಕಾರಕ್ಕೆ ಅದನ್ನು ತಡೆಯಲು ಮನಸ್ಸಿಲ್ಲದಿದ್ದರೆ ಅಥವಾ ಆಗದಿದ್ದರೆ ದೇಶಗಳು ತಮ್ಮನ್ನು ರಕ್ಷಿಸಿಕೊಳ್ಳಬಹುದು, ಸಿರಿಯಾ ಸರ್ಕಾರ ಈ ನೆಲೆಗಳನ್ನು ಪರಿಣಾಮಕಾರಿಯಾಗಿ ಎದುರಿಸಲಾರದು, ಎದುರಿಸುವುದೂ ಇಲ್ಲ ಎಂದು ತೋರಿಸಿದೆ ಎಂದಿತು. ‘ಒಲ್ಲದು’ ಮತ್ತು ‘ಆಗದು’ ಎರಡನ್ನೂ ಒಟ್ಟಿಗೆ ಹೇಳಿಬಿಟ್ಟಿತು.

ಇಲ್ಲೊಂದು ಮುಳ್ಳಿದೆ. ಅದಕ್ಕೆ ಒಂದು ತಿಂಗಳ ಹಿಂದೆ, ಆಗಸ್ಟ್ 25ರಂದು, ಸಿರಿಯಾದ ವಿದೇಶಾಂಗ ಸಚಿವ ವಲೀದ್ ಮುಅಲ್ಲಿಂ ಭಯೋತ್ಪಾದನೆ ವಿರುದ್ಧ ಯಾರ ಜೊತೆಗೂ ಕೆಲಸ ಮಾಡಲು ತಯಾರಿದ್ದೇವೆ, ಆದರೆ ನಮ್ಮೊಂದಿಗೆ ಸಮನ್ವಯವಿಲ್ಲದೆ ಹೊಡೆದರೆ ಅದು ಆಕ್ರಮಣ ಎಂದಿದ್ದರು. ಹಾಗಾದರೆ ಸಿರಿಯಾ ‘ಒಲ್ಲದ’ ಸರ್ಕಾರ ಹೇಗಾಯಿತು? ತಯಾರಿದ್ದೇನೆ ಎಂದವನ ಜೊತೆ ಮಾತಾಡಲು ನಾನೇ ಒಪ್ಪದೆ, ಅವನಿಗೆ ಮನಸ್ಸಿಲ್ಲ ಎಂದು ಹೇಳಬಹುದಾ? ಅಮೆರಿಕಕ್ಕೆ ಆ ಸರ್ಕಾರದ ಮೇಲೆ ನಂಬಿಕೆ ಇರಲಿಲ್ಲ, ಅದಕ್ಕೆ ಕಾರಣಗಳೂ ಇದ್ದವು. ಆದರೆ ನಂಬಿಕೆ ಇಲ್ಲದಿರುವುದು ಬೇರೆ, ಎದುರಿನವರು ಒಲ್ಲದಿರುವುದು ಬೇರೆ. ‘ಒಲ್ಲದು’ ಎಂಬ ಕಾಲು ಇಲ್ಲಿ ಅಲ್ಲಾಡುತ್ತದೆ.

‘ಆಗದು’ ಎಂಬ ಕಾಲು ಮಾತ್ರ ಗಟ್ಟಿ. ರಕ್ಕಾ ಸೇರಿದಂತೆ ದೊಡ್ಡ ಪ್ರದೇಶ ಐಸಿಸ್ ಕೈಯಲ್ಲಿತ್ತು. ಅಲ್ಲಿ ಸಿರಿಯಾ ಸರ್ಕಾರದ ಮಾತು ನಡೆಯುತ್ತಿರಲಿಲ್ಲ. ಆಗಿನ ವಿಶ್ವಸಂಸ್ಥೆಯ ಮಹಾಕಾರ್ಯದರ್ಶಿ ಬಾನ್ ಕಿ ಮೂನ್ ಕೂಡ, ದಾಳಿ ನಡೆದದ್ದು ಆ ಸರ್ಕಾರದ ಹಿಡಿತ ತಪ್ಪಿದ ಪ್ರದೇಶದಲ್ಲಿ ಎಂಬುದನ್ನು ಎತ್ತಿ ಹೇಳಿದ್ದರು.

2015ರ ಪತ್ರಗಳಲ್ಲಿ ದಾರಿ ಕವಲೊಡೆಯುತ್ತದೆ. ಮಾರ್ಚ್‌ನಲ್ಲಿ ಕೆನಡಾ, ಜುಲೈನಲ್ಲಿ ಟರ್ಕಿ, ಸೆಪ್ಟೆಂಬರ್‌ನಲ್ಲಿ ಆಸ್ಟ್ರೇಲಿಯಾ ಹೆಚ್ಚುಕಡಿಮೆ ಅಮೆರಿಕದ ಮಾತನ್ನೇ ಬಳಸಿದವು. ಫ್ರಾನ್ಸ್ ಸೆಪ್ಟೆಂಬರ್‌ನಲ್ಲಿ ಪತ್ರ ಬರೆದರೂ ಆ ಮಾತನ್ನು ಮುಟ್ಟಲಿಲ್ಲ, 51ನೇ ವಿಧಿ ಎಂದಷ್ಟೇ ಹೇಳಿ ಸುಮ್ಮನಾಯಿತು. ಡಿಸೆಂಬರ್ 10ರಂದು ಜರ್ಮನಿ ಬರೆದ ಪತ್ರ ನನಗೆ ಈ ಕಟ್ಟಿನಲ್ಲೇ ಹೆಚ್ಚು ಇಷ್ಟ. ಐಸಿಸ್ ಸಿರಿಯಾದ ಒಂದು ಭಾಗವನ್ನು ಆಕ್ರಮಿಸಿಕೊಂಡಿದೆ, ಅಲ್ಲಿ ಸದ್ಯಕ್ಕೆ ಸಿರಿಯಾ ಸರ್ಕಾರಕ್ಕೆ ನಿಜವಾದ ಹಿಡಿತ ಇಲ್ಲ ಎಂದಿತು ಅದು. ಸರ್ಕಾರದ ಮನಸ್ಸಿನ ಬಗ್ಗೆ ಒಂದು ಮಾತೂ ಇಲ್ಲ. 2016ರ ಜೂನ್‌ನಲ್ಲಿ ಬೆಲ್ಜಿಯಂ ಅದೇ ದಾರಿ ಹಿಡಿಯಿತು, ಇದು ಅಪವಾದದ ಪರಿಸ್ಥಿತಿ ಎಂದೂ ಸೇರಿಸಿತು.

ಇದನ್ನು ನಾನು ಪ್ರತ್ಯೇಕ ಆಯ್ಕೆಯಾಗಿಯೇ ಎಣಿಸುತ್ತೇನೆ: ಹಿಡಿತ ತಪ್ಪಿದ ನೆಲದ ವಾದ. ಒಂದು ಸರ್ಕಾರದ ಮನಸ್ಸನ್ನು ಅಳೆಯುವುದು ಕಷ್ಟ. ಯಾವ ಊರು ಯಾರ ಕೈಯಲ್ಲಿದೆ ಎಂಬುದನ್ನು ನಕ್ಷೆಯಲ್ಲಿ ತೋರಿಸಬಹುದು. ಹೊರಗಿನವರೂ ಪರೀಕ್ಷಿಸಬಹುದು. ಮಿತಿಯೂ ತಾನಾಗಿಯೇ ಬರುತ್ತದೆ: ಹಿಡಿತ ತಪ್ಪಿದ ಜಾಗದಲ್ಲಿ ಮಾತ್ರ, ತಪ್ಪಿರುವಷ್ಟು ಕಾಲ ಮಾತ್ರ. ದಮಾಸ್ಕಸ್‌ನ ಮಧ್ಯದಲ್ಲಿ ಬಾಂಬ್ ಹಾಕಲು ಇದು ರಹದಾರಿ ಆಗುವುದಿಲ್ಲ. ಇದರ ಕೊರತೆಯೂ ಅಷ್ಟೇ ಸ್ಪಷ್ಟ. ನಾಲ್ಕೈದು ಜನ ಒಂದು ಬಾಡಿಗೆ ಮನೆಯಲ್ಲಿ ಅಡಗಿ ಸಂಚು ಮಾಡುತ್ತಿದ್ದರೆ ಅಲ್ಲಿ ಯಾರ ಹಿಡಿತವೂ ತಪ್ಪಿಲ್ಲ, ಈ ವಾದ ಓಡುವುದಿಲ್ಲ.

ಸಿರಿಯಾ ಸುಮ್ಮನಿರಲಿಲ್ಲ. 51ನೇ ವಿಧಿಯನ್ನು ತಿರುಚುತ್ತಿದ್ದಾರೆ ಎಂದು ತಾನೂ ಪತ್ರಗಳನ್ನು ಬರೆಯಿತು. 2015ರ ನವೆಂಬರ್ 20ರಂದು, ಪ್ಯಾರಿಸ್ ದಾಳಿಯಾಗಿ ಒಂದು ವಾರಕ್ಕೆ, ಭದ್ರತಾ ಮಂಡಳಿ 2249ನೇ ನಿರ್ಣಯವನ್ನು ಒಮ್ಮತದಿಂದ ಅಂಗೀಕರಿಸಿತು. ಇದನ್ನು ‘ಮಂಡಳಿ ಅನುಮತಿ ಕೊಟ್ಟಿತು’ ಎಂದು ಬರೆಯುವವರಿದ್ದಾರೆ. ಅದು ತಪ್ಪು. ಐಸಿಸ್ ಹಿಡಿತದ ಪ್ರದೇಶದಲ್ಲಿ ‘ಅಂತರರಾಷ್ಟ್ರೀಯ ಕಾನೂನಿಗೆ ಅನುಗುಣವಾಗಿ’ ಅಗತ್ಯ ಕ್ರಮ ಎಲ್ಲ ತೆಗೆದುಕೊಳ್ಳಿ ಎಂದು ಅದು ದೇಶಗಳನ್ನು ಕೋರಿತು. ಬಲಪ್ರಯೋಗಕ್ಕೆ ಅನುಮತಿ ಕೊಡುವ 7ನೇ ಅಧ್ಯಾಯದ ಹೆಸರನ್ನೇ ಎತ್ತಲಿಲ್ಲ. ಕಾನೂನು ಏನು ಎಂಬ ಪ್ರಶ್ನೆಯನ್ನು ಅದೇ ಕಾನೂನಿಗೆ ವಾಪಸ್ ಕಳಿಸಿತು, ಅಷ್ಟೇ. ಎಲ್ಲರೂ ಕೈ ಎತ್ತಲು ಸಾಧ್ಯವಾದದ್ದೂ ಅದರಿಂದಲೇ ಅಲ್ವಾ.

ಎಲ್ಲಿ ಎಡವುತ್ತದೆ

ಒಮ್ಮೆ ನಾನು ಪೀಠದಲ್ಲಿ ಕೂತಿದ್ದಾಗ ಒಂದು ತಂಡ ‘ಒಲ್ಲದು ಅಥವಾ ಆಗದು’ ವಾದವನ್ನು ಬಹಳ ಚೆನ್ನಾಗಿ ಮಂಡಿಸಿತು. ನನ್ನ ಪಕ್ಕದವರು ಒಂದೇ ಪ್ರಶ್ನೆ ಕೇಳಿದರು: ‘ತಡೆಯಿರಿ ಎಂದು ನೀವು ಅವರನ್ನು ಕೇಳಿದ್ದು ಯಾವ ದಿನ?’ ವಾದಿಸುತ್ತಿದ್ದ ಹುಡುಗಿ ಪುಟ ಮಗುಚಿದಳು, ಮತ್ತೆ ಮಗುಚಿದಳು. ಕೇಳಿದ್ದೇ ಇರಲಿಲ್ಲ.

ಈ ಪ್ರಶ್ನೆಯ ಬೆಲೆ ಗೊತ್ತಾಗಬೇಕಾದರೆ 2008ರ ಮಾರ್ಚ್ 1ನ್ನು ನೋಡಿ. ಕೊಲಂಬಿಯಾ ಸೈನ್ಯ ಎಕ್ವಡಾರ್‌ನ ಕಾಡಿನೊಳಗೆ, ಗಡಿಯಿಂದ ಎರಡು ಕಿಲೋಮೀಟರ್‌ಗೂ ಕಡಿಮೆ ದೂರದಲ್ಲಿ, ಫಾರ್ಕ್ ಬಂಡುಕೋರರ ಶಿಬಿರಕ್ಕೆ ಬಾಂಬ್ ಹಾಕಿತು. ಗುಂಪಿನ ಎರಡನೇ ಸಾಲಿನ ದೊಡ್ಡ ನಾಯಕ ರಾವುಲ್ ರೆಯೆಸ್ ಸತ್ತ. ಗುರಿ ನಿಜವಾದದ್ದು, ದೂರ ಕಡಿಮೆ, ಗುಂಪಿನ ಇತಿಹಾಸ ಎಲ್ಲರಿಗೂ ಗೊತ್ತು. ಆದರೂ ಕೊಲಂಬಿಯಾ ಮೊದಲು ಎಕ್ವಡಾರ್‌ಗೆ ತಿಳಿಸಿರಲಿಲ್ಲ. ನಾಲ್ಕೇ ದಿನಗಳಲ್ಲಿ ಅಮೆರಿಕ ಖಂಡದ ದೇಶಗಳ ಸಂಘಟನೆ ಇದು ಎಕ್ವಡಾರ್‌ನ ಸಾರ್ವಭೌಮತ್ವದ ಉಲ್ಲಂಘನೆ ಎಂದಿತು. ಕೊಲಂಬಿಯಾ ಕ್ಷಮೆ ಕೇಳಿತು. ಆ ದಟ್ಟ ಕಾಡನ್ನು ಎಕ್ವಡಾರ್ ಪೂರ್ತಿ ಕಾಯಲಾರದು ಎಂಬುದು ನಿಜವಿರಬಹುದು. ಕೇಳಿ ನೋಡದೆ ‘ಆಗದು’ ಎಂದು ತೀರ್ಮಾನಿಸಿದ್ದನ್ನು ನೆರೆಯವರು ಒಪ್ಪಲಿಲ್ಲ.

ಕೇಳಿದರೆ ಸುಳಿವು ಸೋರಿ ಗುಂಪು ಓಡಿಹೋಗುತ್ತದೆ ಎಂಬುದು ಮಾಮೂಲಿ ಉತ್ತರ. ಕೆಲವೊಮ್ಮೆ ಅದು ನಿಜವೂ ಹೌದು. ಆದರೆ ಅದನ್ನು ಹೇಳುವವರ ಬಳಿ ಹಿಂದೆ ಸೋರಿದ ಉದಾಹರಣೆ ಇರಬೇಕು. ಇಲ್ಲದಿದ್ದರೆ ಅದು ಬರೀ ಅನುಮಾನ.

ಇನ್ನು ತಿರುಗಿಸಿ ನೋಡುವ ಪರೀಕ್ಷೆ. 2024ರ ಜನವರಿ 16ರಂದು ಇರಾನ್ ಪಾಕಿಸ್ತಾನದ ಬಲೂಚಿಸ್ತಾನದಲ್ಲಿ ಜೈಶ್ ಅಲ್ ಅದ್ಲ್ ಎಂಬ ಗುಂಪಿನ ನೆಲೆಗಳಿಗೆ ಹೊಡೆಯಿತು. ಇಬ್ಬರು ಮಕ್ಕಳು ಸತ್ತರು ಎಂದು ಪಾಕಿಸ್ತಾನ ಹೇಳಿತು, ರಾಯಭಾರಿಯನ್ನು ವಾಪಸ್ ಕರೆಸಿಕೊಂಡಿತು. ಎರಡೇ ದಿನಕ್ಕೆ, ಜನವರಿ 18ರಂದು, ಪಾಕಿಸ್ತಾನ ಇರಾನಿನ ಸಿಸ್ತಾನ್ ಬಲೂಚೆಸ್ತಾನ್ ಪ್ರಾಂತ್ಯದಲ್ಲಿ ತನ್ನ ವಿರೋಧಿ ಬಲೂಚ್ ಗುಂಪುಗಳ ಅಡಗುತಾಣಗಳಿಗೆ ಹೊಡೆಯಿತು. ಇಬ್ಬರದೂ ಒಂದೇ ದೂರು: ನಿನ್ನ ನೆಲದಲ್ಲಿ ನನ್ನ ಶತ್ರು ಕೂತಿದ್ದಾನೆ. ಒಬ್ಬರ ವಾದ ಸರಿ ಎಂದರೆ ಇನ್ನೊಬ್ಬರದೂ ಸರಿ ಎನ್ನಬೇಕು. ಆಗ 2ನೇ ವಿಧಿಯ ನಿಷೇಧ ಆ ಗಡಿಯಲ್ಲಿ ಯಾವುದಕ್ಕೂ ಬಾರದಂತಾಗುತ್ತದೆ. ಆ ತಿಂಗಳು ಮುಗಿಯುವುದರೊಳಗೆ ಎರಡೂ ದೇಶಗಳ ರಾಯಭಾರಿಗಳು ಮರಳಿದ್ದರು. ಬಾಂಬ್‌ಗಿಂತ ಮಾತುಕತೆಗೆ ಜಾಗ ಇತ್ತು ಎಂದರೆ ಬಲ ಬಳಸುವುದು ‘ಅನಿವಾರ್ಯ’ ಆಗಿತ್ತೇ ಎಂಬ ಪ್ರಶ್ನೆಯೂ ಜೊತೆಗೇ ಬರುತ್ತದೆ.

ಯಾವುದು ದಾಳಿಕೋರ ಗುಂಪು ಎಂದು ಹೇಳುವವರು ಯಾರು ಎಂಬುದು ಮತ್ತೊಂದು ತೊಡಕು. 2018ರ ಜನವರಿಯಲ್ಲಿ ಟರ್ಕಿ ಸಿರಿಯಾದ ಆಫ್ರಿನ್‌ಗೆ ನುಗ್ಗಿದಾಗಲೂ 51ನೇ ವಿಧಿಯನ್ನೇ ಹೇಳಿತು. ಆದರೆ ಗುರಿ ಕುರ್ದ್ ಪಡೆ ವೈಪಿಜಿ. ಐಸಿಸ್ ವಿರುದ್ಧದ ಹೋರಾಟದಲ್ಲಿ ಅದೇ ವೈಪಿಜಿ ಆಗ ಅಮೆರಿಕದ ಜೊತೆಗಾರನಾಗಿತ್ತು. ಒಂದೇ ಬಾಗಿಲನ್ನು ಇಬ್ಬರು ಗೆಳೆಯರು ಎದುರುಬದುರು ದಿಕ್ಕಿನಿಂದ ತಳ್ಳಿದ ಹಾಗಾಯಿತು.

ಇನ್ನು ದೇಶಗಳ ಒಪ್ಪಿಗೆ. ಪರವಾಗಿ ಬಾಯಿಬಿಟ್ಟು ಹೇಳಿದವು ಕೆಲವೇ, ಆದರೆ ಬಲವಾದ ದೇಶಗಳು. ಮೆಕ್ಸಿಕೊ, ಬ್ರೆಜಿಲ್ ವಿರುದ್ಧವಾಗಿವೆ. ಸುಮಾರು 120 ದೇಶಗಳ ಅಲಿಪ್ತ ಚಳವಳಿ, 51ನೇ ವಿಧಿಯನ್ನು ಹೊಸದಾಗಿ ಬರೆಯುವುದೂ ಬೇಡ, ಹೊಸದಾಗಿ ಅರ್ಥೈಸುವುದೂ ಬೇಡ ಎಂದು ಮತ್ತೆ ಮತ್ತೆ ಹೇಳಿದೆ. ‘ಸ್ಥಾಪಿತ ನಿಯಮ’ ಎಂದು ಬರೆದರೆ ಒಳ್ಳೆಯ ನ್ಯಾಯಾಧೀಶರು ಅಲ್ಲೇ ಹಿಡಿಯುತ್ತಾರೆ. ‘ರೂಪುಗೊಳ್ಳುತ್ತಿರುವ, ವಿವಾದದಲ್ಲಿರುವ ವಾದ’ ಎನ್ನುವುದು ಪ್ರಾಮಾಣಿಕ, ಸುರಕ್ಷಿತ ಕೂಡ.

ಬೇರೆ ದಾರಿಯೇ ಇರಲಿಲ್ಲ ಎನ್ನುವ ‘ಅಗತ್ಯದ ನೆಪ’ ಎಂಬ ಇನ್ನೊಂದು ಆಯ್ಕೆಯನ್ನೂ ಕೆಲವರು ಕೇಳುತ್ತಾರೆ. ದೇಶಗಳ ಹೊಣೆಗಾರಿಕೆ ಬಗ್ಗೆ ಅಂತರರಾಷ್ಟ್ರೀಯ ಕಾನೂನು ಆಯೋಗ 2001ರಲ್ಲಿ ರೂಪಿಸಿದ ಕರಡಿನ 25ನೇ ವಿಧಿ ಅದು. ಮುಂದಿನ 26ನೇ ವಿಧಿ ಓದಿ ಬಿಟ್ಟುಬಿಡಿ. ಮೀರಬಾರದ ಮೂಲ ನಿಯಮಗಳನ್ನು ಮುರಿದಾಗ ಈ ನೆಪ ನಡೆಯುವುದಿಲ್ಲ ಎಂದು ಅದು ಹೇಳುತ್ತದೆ, ಆಕ್ರಮಣದ ನಿಷೇಧ ಅಂಥದ್ದೇ ನಿಯಮ.

ನಿಮ್ಮ ಕುರ್ಚಿ ಯಾವುದು?

ಏಟು ತಿಂದು ತಿರುಗಿ ಹೊಡೆದ ದೇಶದ ಪರ ನಿಂತಿದ್ದೀರಿ ಎನ್ನೋಣ. ಆ ಸರ್ಕಾರ ಗುಂಪಿಗೆ ನೆಲೆ ಕೊಟ್ಟದ್ದಕ್ಕೆ ಸಾಕ್ಷ್ಯ ಇದ್ದರೆ ಕೈಜೋಡಿಸಿದ ವಾದವನ್ನು ಮುಂದಿಡಿ. ಗುಂಪು ಊರು, ರಸ್ತೆ, ಚೆಕ್‌ಪೋಸ್ಟ್ ಹಿಡಿದು ಕೂತಿದ್ದರೆ ಹಿಡಿತ ತಪ್ಪಿದ ನೆಲದ ವಾದ. ಎರಡೂ ಇಲ್ಲದೆ ಜೇಬು ಖಾಲಿ ಇದ್ದಾಗ ಮಾತ್ರ ಪೂರ್ಣ ರೂಪದ ‘ಒಲ್ಲದು ಅಥವಾ ಆಗದು’ಗೆ ಬನ್ನಿ, ಅದನ್ನೂ ಪರ್ಯಾಯ ವಾದವಾಗಿ. ಆಗ ನಾಲ್ಕು ಕಾಗದ ಕೈಯಲ್ಲಿರಲಿ: ತಡೆಯಲು ಕೇಳಿದ ದಿನಾಂಕ, ಬಂದ ಉತ್ತರ ಅಥವಾ ಮೌನ, ಕೊಟ್ಟ ಸಮಯ, ಆಮೇಲೂ ದಾಳಿ ಮುಂದುವರಿದದ್ದಕ್ಕೆ ಪುರಾವೆ.

ನೆಲದ ದೇಶದ ಪರ ಇದ್ದೀರಾ? ನಿಕರಾಗುವಾ ಮತ್ತು ಕಾಂಗೋ ತೀರ್ಪುಗಳಿಂದ ಶುರು ಮಾಡಿ, ಆದರೆ ಅಲ್ಲೇ ನಿಲ್ಲಬೇಡಿ. 1949ರ ಕೊರ್ಫು ಕಾಲುವೆ ತೀರ್ಪು, ತನ್ನ ನೆಲವನ್ನು ಗೊತ್ತಿದ್ದೂ ಬೇರೆ ದೇಶದ ಹಕ್ಕಿಗೆ ವಿರುದ್ಧವಾಗಿ ಬಳಸಲು ಯಾವ ದೇಶವೂ ಬಿಡಬಾರದು ಎಂದಿದೆ. ಎದುರಿನವರು ಅದನ್ನು ಎತ್ತಿಯೇ ಎತ್ತುತ್ತಾರೆ. ಆ ಕರ್ತವ್ಯ ಮುರಿದರೆ ಪರಿಹಾರ, ದೂರು, ಮಂಡಳಿಯ ಮೊರೆ ಇವೆ. ಅದು ತಾನಾಗಿಯೇ ಸಶಸ್ತ್ರ ದಾಳಿ ಆಗುವುದಿಲ್ಲ ಎಂಬುದು ನಿಮ್ಮ ಉತ್ತರ. ಜೊತೆಗೆ ನೀವು ಮಾಡಿದ ಬಂಧನ, ಗಸ್ತು, ಸಹಕಾರದ ಪತ್ರ ಇದ್ದರೆ ಮೇಜಿನ ಮೇಲಿಡಿ. ಸಹಕಾರಕ್ಕೆ ತಯಾರು ಎಂದ ಒಂದು ಪತ್ರ ಹತ್ತು ಪುಟದ ವಾದಕ್ಕಿಂತ ಜಾಸ್ತಿ ಕೆಲಸ ಮಾಡುತ್ತದೆ.

ಯಾವ ಕಡೆಯವರಾದರೂ ಒಂದನ್ನು ಮರೆಯಬೇಡಿ. ಗಡಿ ದಾಟಿದ್ದು ಸರಿ ಎಂಬ ವಾದ ಗೆದ್ದರೂ, ಬಳಸಿದ ಬಲ ದಾಳಿಗೆ ತಕ್ಕ ಪ್ರಮಾಣದಲ್ಲಿತ್ತೇ ಎಂಬಲ್ಲಿ ಸೋಲಬಹುದು. ಕಾಂಗೋ ತೀರ್ಪಿನಲ್ಲಿ ನ್ಯಾಯಾಲಯ, ಗಡಿಯಿಂದ ನೂರಾರು ಕಿಲೋಮೀಟರ್ ಒಳಗಿನ ಊರು, ವಿಮಾನ ನಿಲ್ದಾಣ ಹಿಡಿದದ್ದು ಗಡಿ ದಾಳಿಗಳಿಗೆ ತಕ್ಕ ಉತ್ತರ ಎನ್ನಿಸುವುದಿಲ್ಲ ಎಂದು ಬಿಡಿಸಿಯೇ ಹೇಳಿತ್ತು. ಗುಂಪನ್ನು ಹೊಡೆಯಲು ಬಂದವರು ಆ ದೇಶದ ಸೈನ್ಯವನ್ನೋ ರಾಜಧಾನಿಯನ್ನೋ ಹೊಡೆದರೆ ಮೇಲಿನ ಯಾವ ವಾದವೂ ಉಳಿಸುವುದಿಲ್ಲ, ಹೊಣೆ ಹೊರಿಸುವ ವಾದ ಸಾಬೀತಾಗಿದ್ದರೆ ಮಾತ್ರ ಲೆಕ್ಕ ಬೇರೆ.

ಮೂರನೆಯ ಕುರ್ಚಿ ಜಗಳದಲ್ಲಿ ಇಲ್ಲದ ದೇಶದ್ದು. ವಿದೇಶಾಂಗ ಇಲಾಖೆಯಲ್ಲಿ ಕೂತು, ಇಂಥ ಪತ್ರ ಮಂಡಳಿಗೆ ಬಂದಾಗ ಏನು ಮಾಡಬೇಕು ಎಂದು ಯೋಚಿಸುವವರು ಇವರು. ಹೆಚ್ಚಿನ ದೇಶಗಳು ಏನೂ ಮಾಡುವುದಿಲ್ಲ. ಆ ಮೌನವನ್ನು ನಾಳೆ ಒಪ್ಪಿಗೆ ಎಂದು ಎಣಿಸುವವರು ಇದ್ದಾರೆ, ಎಣಿಸಬಾರದು ಎನ್ನುವವರೂ ಇದ್ದಾರೆ. ಗುಂಪಿನ ದಾಳಿಯನ್ನು ಖಂಡಿಸುತ್ತೇವೆ, ಆದರೆ ಪತ್ರದಲ್ಲಿ ಹೇಳಿದ ಕಾನೂನಿನ ವಾದಕ್ಕೆ ನಮ್ಮ ಸಮ್ಮತಿ ಇಲ್ಲ ಎಂದು ಎರಡು ಸಾಲಿನ ಉತ್ತರ ಕಳಿಸಲು ಅರ್ಧ ದಿನ ಸಾಕು.